ಭಾಗಿಸುವ ಮೊದಲು ಮನೆಗಳ ತೂಕ ನೋಡುವುದು: ದಾಳ, ಇಸ್ಪೀಟ್ ಲೆಕ್ಕಗಳಲ್ಲಿ ನನ್ನ ಅನುಭವ

ಸಂಭವನೀಯತೆಯನ್ನು ಕಲಿಸುವವನಾಗಿ ನಾನು ದಾಳದ ಅಥವಾ ಇಸ್ಪೀಟ್ ಎಲೆಗಳ ಲೆಕ್ಕವನ್ನು ಎತ್ತಿಕೊಂಡಾಗ, ಸೂತ್ರಕ್ಕೆ ಕೈಹಾಕುವ ಮೊದಲು ಫಲಿತ ಗಣವನ್ನು, ಅಂದರೆ ಬರಬಹುದಾದ ಎಲ್ಲ ಫಲಿತಾಂಶಗಳನ್ನು, ಕಾಗದದ ಮೇಲೆ ಇಳಿಸುತ್ತೇನೆ. ಬೇಕಾದ ಫಲಿತಾಂಶಗಳ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸುವ ವಿಧಾನ ಎಲ್ಲರಿಗೂ ಗೊತ್ತು. ಆದರೆ ಪಟ್ಟಿಯ ಪ್ರತಿಯೊಂದು ಫಲಿತಾಂಶಕ್ಕೂ ಬರುವ ಅವಕಾಶ ಒಂದೇ ಸಮನಾಗಿದ್ದರೆ ಮಾತ್ರ ಆ ವಿಧಾನ ನಡೆಯುತ್ತದೆ. ಆದ್ದರಿಂದ ಎಣಿಕೆ ಮುಗಿದ ಮೇಲೆ ಎಣಿಸಿದ್ದಕ್ಕೆಲ್ಲ ಒಂದೇ ತೂಕವಿದೆಯೇ ಎಂದು ಕೇಳಿಕೊಳ್ಳುವುದು ನನ್ನ ಕ್ರಮ.

ಎರಡು ದಾಳಗಳಿದ್ದರೆ ಒಂದನ್ನು ಕೆಂಪು, ಇನ್ನೊಂದನ್ನು ನೀಲಿ ಎಂದಿಟ್ಟುಕೊಂಡು ಆರು ಸಾಲು, ಆರು ಕಂಬಸಾಲುಗಳ ಚೌಕ ಬರೆಯುತ್ತೇನೆ. ಅದರಲ್ಲಿ 36 ಮನೆಗಳಿರುತ್ತವೆ, ಪ್ರತಿ ಮನೆಗೂ 1/36ರಷ್ಟು ಅವಕಾಶ. ದಾಳಗಳು ಒಂದೇ ಬಣ್ಣದವಾಗಿದ್ದರೆ (2, 5) ಮತ್ತು (5, 2) ಒಂದೇ ಅಲ್ಲವೇ, ಜೋಡಿಗಳನ್ನು 21 ಎಂದೇ ಏಕೆ ಎಣಿಸಬಾರದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 21 ಎಂದು ಎಣಿಸುವುದರಲ್ಲಿ ತಪ್ಪಿಲ್ಲ, ಆ 21ರಿಂದ ಭಾಗಿಸುವುದು ತಪ್ಪು. 2 ಮತ್ತು 5ರ ಜೋಡಿ ಚೌಕದಲ್ಲಿ ಎರಡು ಮನೆಗಳನ್ನು ಹಿಡಿದರೆ, 5 ಮತ್ತು 5ರ ಜೋಡಿ ಒಂದನ್ನೇ ಹಿಡಿಯುತ್ತದೆ. ದಾಳಗಳ ಬಣ್ಣ ನಮಗೆ ಕಾಣದಿದ್ದರೂ ಅವು ಉರುಳುವ ರೀತಿ ಬದಲಾಗುವುದಿಲ್ಲವಾದ್ದರಿಂದ ಈ ತೂಕದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಗೆಲಿಲಿಯೊ ಬಿಡಿಸಿದ ಮೂರು ದಾಳಗಳ ಸಮಸ್ಯೆಯನ್ನು ನಾನು ಇದೇ ಕಾರಣಕ್ಕೆ ತಪ್ಪದೆ ಮಾಡಿಸುತ್ತೇನೆ. ಮೊತ್ತ 9 ಬರುವುದಕ್ಕೂ 10 ಬರುವುದಕ್ಕೂ ಆರಾರು ಬಗೆಗಳಿವೆ, ಆದರೂ ಆಟದಲ್ಲಿ 10 ತುಸು ಹೆಚ್ಚು ಬರುತ್ತದೆ. ಮೂರು ಬೇರೆ ಬೇರೆ ಸಂಖ್ಯೆಗಳ ಬಗೆಗೆ 6 ಮನೆ, ಎರಡು ಒಂದೇ ಆದ ಬಗೆಗೆ 3 ಮನೆ, ಮೂರೂ ಒಂದೇ ಆದರೆ 1 ಮನೆ ಎಂದು ತೂಕ ಹಾಕಿದರೆ, 216ರಲ್ಲಿ 9ಕ್ಕೆ 25, 10ಕ್ಕೆ 27 ಸಿಗುತ್ತವೆ. 3, 3, 3 ಎಂಬ ಬಗೆ 9ರ ಪಾಲಿಗೆ ಬಂದು ಒಂದೇ ಮನೆಯನ್ನು ಕೊಡುವುದರಿಂದ ಅದು ಹಿಂದೆ ಬೀಳುತ್ತದೆ.

ಷರತ್ತುಬದ್ಧ ಸಂಭವನೀಯತೆಗೆ ನಾನು ಅದೇ ಚೌಕವನ್ನು ಬಳಸುತ್ತೇನೆ. ಷರತ್ತಿಗೆ ಒಪ್ಪದ ಮನೆಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಉಳಿದವುಗಳನ್ನೇ ಹೊಸ ಫಲಿತ ಗಣವೆಂದು ತಿಳಿದು ಮೊದಲಿಂದ ಎಣಿಸುತ್ತೇನೆ. P(A|B) = P(A∩B)/P(B) ಎಂಬ ಸೂತ್ರ ಹೇಳುವುದೂ ಇದನ್ನೇ. ಕೆಂಪು ದಾಳದಲ್ಲಿ 6 ಬಿದ್ದಿದೆ ಎಂದರೆ ಒಂದು ಸಾಲಿನ 6 ಮನೆಗಳು ಉಳಿಯುತ್ತವೆ, ಅವುಗಳಲ್ಲಿ ಎರಡೂ 6 ಆಗಿರುವುದು ಒಂದು, ಉತ್ತರ 1/6. ಕನಿಷ್ಠ ಒಂದು ದಾಳದಲ್ಲಿ 6 ಬಿದ್ದಿದೆ ಎಂದಷ್ಟೇ ತಿಳಿದಿದ್ದರೆ ಒಂದು ಸಾಲೂ ಒಂದು ಕಂಬಸಾಲೂ ಸೇರಿ 11 ಮನೆಗಳು ಉಳಿಯುತ್ತವೆ, ಉತ್ತರ 1/11. ಇಲ್ಲಿ 6 ಮತ್ತು 6 ಕೂಡಿಸಿ 12 ಎಂದು ಬರೆಯುವವರು ಬಹಳ. ಸಾಲೂ ಕಂಬಸಾಲೂ ಕೂಡುವ (6, 6) ಎಂಬ ಮೂಲೆಯ ಮನೆ ಎರಡು ಸಲ ಎಣಿಕೆಯಾಗಿರುವುದು ಚೌಕ ಬರೆದವರಿಗೆ ಕೂಡಲೇ ಕಾಣುತ್ತದೆ.

ಇಸ್ಪೀಟ್ ಎಲೆಗಳಿಗೆ ಚೌಕ ಬರೆಯುವುದು ಕಷ್ಟ, ಆದರೆ ಮನಸ್ಸಿನಲ್ಲಿ ಅದೇ ಚೌಕವಿರಬೇಕು. 52 ಎಲೆಗಳ ಕಟ್ಟಿನಿಂದ ಎರಡು ಎಲೆಗಳನ್ನು ತೆಗೆದಾಗ, ಮೊದಲನೆಯದನ್ನು ಮತ್ತೆ ಕಟ್ಟಿಗೆ ಸೇರಿಸದಿದ್ದರೆ, ಕ್ರಮ ಗಮನಿಸಿ ಎಣಿಸಿದಾಗ 52 × 51 = 2652 ಫಲಿತಾಂಶಗಳು, ಕ್ರಮ ಬಿಟ್ಟರೆ 1326 ಜೋಡಿಗಳು. ದಾಳದಲ್ಲಿ ಕ್ರಮ ಬಿಡಬಾರದು, ಎಲೆಗಳಲ್ಲಿ ಬಿಡಬಹುದು ಎಂಬುದನ್ನು ಎರಡು ಬೇರೆ ನಿಯಮಗಳೆಂದು ಬಾಯಿಪಾಠ ಮಾಡುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಕಾರಣ ಒಂದೇ. ಒಂದೇ ಎಲೆ ಎರಡು ಸಲ ಬರಲಾರದು, ಹಾಗಾಗಿ ಚೌಕದ ಕರ್ಣದ 52 ಮನೆಗಳು ಖಾಲಿ, ಪ್ರತಿ ಜೋಡಿಯೂ ಸರಿಯಾಗಿ ಎರಡು ಮನೆಗಳನ್ನೇ ಹಿಡಿಯುತ್ತದೆ, ಎಲ್ಲ ಜೋಡಿಗಳ ತೂಕವೂ ಸಮ. ತೆಗೆದ ಎಲೆಯನ್ನು ಮರಳಿ ಕಟ್ಟಿಗೆ ಸೇರಿಸಿ ಕಲಸಿದ ಮೇಲೆ ಎರಡನೆಯದನ್ನು ತೆಗೆದರೆ ಕರ್ಣ ತುಂಬಿಕೊಳ್ಳುತ್ತದೆ, ಆಗ ಎಲೆಗಳೂ ದಾಳದಂತೆಯೇ ವರ್ತಿಸುತ್ತವೆ, ಕ್ರಮವನ್ನು ಬಿಡುವಂತಿಲ್ಲ.

ಮರಳಿ ಸೇರಿಸದೆ ತೆಗೆದ ಎರಡು ಎಲೆಗಳಲ್ಲಿ ಕನಿಷ್ಠ ಒಂದು ಎಕ್ಕವಿದೆ ಎಂದು ತಿಳಿದಿರಲಿ, ಎರಡೂ ಎಕ್ಕವಾಗಿರುವ ಸಂಭವನೀಯತೆ ಎಷ್ಟು? ನಾನು ಜೋಡಿಗಳನ್ನೇ ಎಣಿಸುತ್ತೇನೆ. ಎಕ್ಕವಲ್ಲದ ಎಲೆಗಳು 48, ಅವುಗಳಿಂದ ಆಗುವ ಜೋಡಿಗಳು 1128. ಒಟ್ಟು 1326ರಿಂದ ಇವನ್ನು ಕಳೆದರೆ ಕನಿಷ್ಠ ಒಂದು ಎಕ್ಕವಿರುವ 198 ಜೋಡಿಗಳು ಉಳಿಯುತ್ತವೆ. ನಾಲ್ಕು ಎಕ್ಕಗಳಿಂದ ಎರಡೂ ಎಕ್ಕವಾದ ಜೋಡಿಗಳು 6. ಉತ್ತರ 6/198, ಅಂದರೆ 1/33. ನಾಲ್ಕು ಎಕ್ಕಗಳಲ್ಲಿ ಒಂದನ್ನು ಆರಿಸಿ ಉಳಿದ 51ರಲ್ಲಿ ಯಾವುದಾದರೊಂದನ್ನು ಸೇರಿಸಿದರೆ 4 × 51 = 204 ಬರುತ್ತದಲ್ಲ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಾಗಿ ಬಂದ 6, ಆ ಎರಡು ಎಕ್ಕಗಳ ಜೋಡಿಗಳೇ. ಪ್ರತಿಯೊಂದೂ ಎರಡು ಸಲ ಎಣಿಕೆಯಾಗಿದೆ, ದಾಳದ ಚೌಕದ ಮೂಲೆಯ ಮನೆಯಂತೆ. ಸರಿ ನೋಡಲು ನಾನು ಒಂದೇ ಎಕ್ಕವಿರುವ ಜೋಡಿಗಳನ್ನು ಬೇರೆಯಾಗಿ ಎಣಿಸುತ್ತೇನೆ: 4 × 48 = 192, ಅದಕ್ಕೆ 6 ಕೂಡಿಸಿದರೆ 198. ಇನ್ನೊಂದು ತೊಡಕು ಕ್ರಮವನ್ನು ಅರ್ಧದಲ್ಲಿ ಬದಲಿಸುವುದು. ಮೇಲೆ 4 × 3 = 12 ಎಂದು ಕ್ರಮ ಹಿಡಿದು, ಕೆಳಗೆ 198 ಎಂದು ಕ್ರಮ ಬಿಟ್ಟರೆ ಉತ್ತರ ಸರಿಯಾದದ್ದರ ಎರಡರಷ್ಟಾಗುತ್ತದೆ. ಕ್ರಮ ಹಿಡಿಯುವುದಾದರೆ ಕೆಳಗೂ 396 ಇರಬೇಕು.

ಇನ್ನು ಷರತ್ತು ಬದಲಾಗಿ, ತೆಗೆದವುಗಳಲ್ಲಿ ಆಟೀನ್ ಎಕ್ಕವಿದೆ ಎಂದು ತಿಳಿದಿರಲಿ. ಅದರೊಡನೆ ಬರಬಲ್ಲ ಎಲೆಗಳು 51, ಅವುಗಳಲ್ಲಿ ಎಕ್ಕಗಳು 3, ಉತ್ತರ 1/17. ಬಣ್ಣದ ಹೆಸರು ತಿಳಿದ ಮಾತ್ರಕ್ಕೆ ಸಂಭವನೀಯತೆ ಸುಮಾರು ಎರಡರಷ್ಟಾಯಿತೇ ಎಂದು ಅಚ್ಚರಿಪಡುವವರಿಗೆ ನಾನು ಎರಡು ಎಣಿಕೆಗಳನ್ನೂ ಅಕ್ಕಪಕ್ಕ ಇಡುತ್ತೇನೆ. ಒಂದೇ ಎಕ್ಕವಿರುವ ಜೋಡಿಗಳು 192ರಿಂದ 48ಕ್ಕೆ, ಅಂದರೆ ಕಾಲುಭಾಗಕ್ಕೆ ಇಳಿದಿವೆ. ಎರಡು ಎಕ್ಕಗಳ ಜೋಡಿಗಳು 6ರಿಂದ 3ಕ್ಕೆ, ಅರ್ಧಕ್ಕೆ ಮಾತ್ರ ಇಳಿದಿವೆ, ಏಕೆಂದರೆ ಎರಡು ಎಕ್ಕಗಳಿರುವ ಕೈಯಲ್ಲಿ ಆಟೀನ್ ಇರುವ ಅವಕಾಶ ಹೆಚ್ಚು.

ಮನೆಗಳನ್ನು ಹೊಡೆದುಹಾಕುವ ಈ ಕ್ರಮಕ್ಕೆ ಒಂದು ಎಲ್ಲೆ ಇದೆ. ಸುದ್ದಿ ನಮಗೆ ಹೇಗೆ ಬಂತು ಎಂಬುದರಿಂದಲೂ ಮನೆಗಳ ತೂಕ ಬದಲಾಗುತ್ತದೆ. ಕನಿಷ್ಠ ಒಂದು 6 ಇದೆಯೇ ಎಂದು ನಾವು ಕೇಳಿ, ಎರಡೂ ದಾಳಗಳನ್ನು ನೋಡಿದವರು ಹೌದು ಎಂದರೆ 11 ಮನೆಗಳೂ ಸಮತೂಕದವು, ಉತ್ತರ 1/11. ಅವರೇ ಯಾವುದೋ ಒಂದು ದಾಳವನ್ನು ಯಾದೃಚ್ಛಿಕವಾಗಿ ಆರಿಸಿ, ಅದರಲ್ಲಿ ಕಂಡದ್ದು 6 ಎಂದು ಹೇಳಿದರೆ ಲೆಕ್ಕ ಬೇರೆ. (6, 6) ಬಿದ್ದಿದ್ದರೆ ಅವರು ಖಂಡಿತವಾಗಿ 6 ಎನ್ನುತ್ತಾರೆ. ಉಳಿದ 10 ಮನೆಗಳಲ್ಲಿ ಅವರ ಕಣ್ಣು 6ರ ದಾಳದ ಮೇಲೆ ಬೀಳುವ ಅವಕಾಶ ಅರ್ಧ ಮಾತ್ರ, ಆದ್ದರಿಂದ ಆ ಮನೆಗಳಿಗೆ ಅರ್ಧ ತೂಕ. ಒಟ್ಟು ತೂಕ 1 + 5 = 6, ಉತ್ತರ 1/6. ಮನೆಗಳು ಅವೇ ಹನ್ನೊಂದು. ಪ್ರಶ್ನೆಯ ಪಠ್ಯ ಈ ಎರಡರಲ್ಲಿ ಯಾವುದನ್ನು ಹೇಳುತ್ತಿದೆ ಎಂಬುದು ಸ್ಪಷ್ಟವಾಗದಿದ್ದಾಗ, ನಾನು ಯಾವ ರೀತಿ ಓದಿಕೊಂಡೆ ಎಂಬುದನ್ನು ಉತ್ತರದ ಮೊದಲ ಸಾಲಿನಲ್ಲೇ ಬರೆದಿಡುತ್ತೇನೆ, ವಿದ್ಯಾರ್ಥಿಗಳಿಂದಲೂ ಹಾಗೆಯೇ ಬರೆಸುತ್ತೇನೆ.