ತನಿ ಆವರ್ತನದಲ್ಲಿ ಕ್ಯಾಮೆರಾ ಎಲ್ಲಿರಬೇಕು: ಒಂದು ಕಚೇರಿಯನ್ನು ಚಿತ್ರೀಕರಿಸಿದ ನನ್ನ ಅನುಭವ

ನಾನು ಹವ್ಯಾಸಕ್ಕಾಗಿ ಕರ್ನಾಟಕ ಸಂಗೀತದ ಕಚೇರಿಗಳನ್ನು ಚಿತ್ರೀಕರಿಸುವವನು. ಚಿಕ್ಕಂದಿನಲ್ಲಿ ಕೆಲವು ವರ್ಷ ಪಿಟೀಲು ಕಲಿತಿದ್ದರಿಂದ ರಾಗ ತಾಳಗಳ ಪರಿಚಯವಿದೆ. ಕ್ಯಾಮೆರಾ ಮತ್ತು ಸಂಕಲನವನ್ನು ಮಾಡುತ್ತ ಮಾಡುತ್ತ ಕಲಿತೆ. ಬೆಂಗಳೂರಿನ ಬಡಾವಣೆಯೊಂದರ ಚಿಕ್ಕ ಸಭಾಂಗಣದಲ್ಲಿ ರಾಮನವಮಿಯ ಸಂದರ್ಭದಲ್ಲಿ ನಡೆದ ಒಂದು ಗಾಯನ ಕಚೇರಿಯನ್ನು ಮೂರು ಕ್ಯಾಮೆರಾಗಳಲ್ಲಿ ಹಿಡಿದು, ಅದನ್ನು ಎರಡು ಸಲ ಸಂಕಲನ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಸಲ ಏಕೆ ಮಾಡಬೇಕಾಯಿತು ಎಂಬುದರಲ್ಲಿಯೇ ನಾನು ಕಲಿತದ್ದೆಲ್ಲ ಇದೆ.

ಕ್ಯಾಮೆರಾ ಇಡುವ ಜಾಗವನ್ನು ವಾದ್ಯಗಳೇ ನಿರ್ಧರಿಸುತ್ತವೆ. ನಮ್ಮ ಕಚೇರಿಯಲ್ಲಿ ಮೃದಂಗದವರು ಸಾಮಾನ್ಯವಾಗಿ ಗಾಯಕರ ಬಲಕ್ಕೆ, ಅಂದರೆ ಸಭಿಕರ ಎಡಕ್ಕೆ ಕುಳಿತು ಗಾಯಕರ ಕಡೆ ಮುಖ ಮಾಡಿರುತ್ತಾರೆ. ಮೃದಂಗದ ಬಲಮುಖ ಸಭೆಯ ಕಡೆ ತಿರುಗಿರಲಿ ಎಂಬುದು ಈ ವ್ಯವಸ್ಥೆಯ ಉದ್ದೇಶ. ಕಿವಿಗೆ ಇದು ಒಳ್ಳೆಯದೇ. ಆದರೆ ಮೃದಂಗದ ಎದುರಿಗೇ, ಎಡಗಡೆಯಲ್ಲಿ ಕ್ಯಾಮೆರಾ ಇಟ್ಟರೆ ಬಲಗೈ ಮಾತ್ರ ಕಾಣುತ್ತದೆ, ಎಡಗೈ ವಾದ್ಯದ ಹಿಂದೆ ಮರೆಯಾಗುತ್ತದೆ. ಗುಮ್ಕಿ ನುಡಿಸುವಾಗ ಎಡ ಅಂಗೈ ಚರ್ಮವನ್ನು ಒತ್ತಿ ಜಾರುವುದನ್ನು ನೋಡಬೇಕಾದರೆ ಸಭಾಂಗಣದ ಬಲತುದಿಯಿಂದ ಓರೆಯಾಗಿ ನೋಡಬೇಕು. ಪಿಟೀಲಿನ ವಿಷಯದಲ್ಲಿ ಇದು ತಿರುಗುಮುರುಗು. ಬಲಗಡೆ ಕುಳಿತ ಪಿಟೀಲಿನವರ ಎಡಗೈ ಬೆರಳುಗಳು ತಂತಿಯ ಮೇಲೆ ಜಾರುವುದು ಎಡತುದಿಯ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ. ಹೀಗಾಗಿ ನನ್ನ ಎರಡು ಪಕ್ಕದ ಕ್ಯಾಮೆರಾಗಳು ಒಂದರ ನೋಟವನ್ನು ಇನ್ನೊಂದು ಕತ್ತರಿಸುವಂತೆ ನಿಂತವು. ಮೂರನೆಯದು ನಡುವೆ, ಕುಳಿತ ಕಲಾವಿದರ ಕಣ್ಣಿನ ಮಟ್ಟಕ್ಕೆ. ಮೃದಂಗದವರು ಎಡಚರಾದರೆ ಅವರೂ ಪಿಟೀಲಿನವರೂ ಜಾಗ ಬದಲಿಸಿಕೊಳ್ಳಬೇಕಾಗುತ್ತದೆ, ಆಗ ಈ ಲೆಕ್ಕವೆಲ್ಲ ತಲೆಕೆಳಗು. ಪಳನಿ ಸುಬ್ರಮಣ್ಯ ಪಿಳ್ಳೆಯವರಂತಹ ಮಹಾನ್ ವಿದ್ವಾಂಸರೇ ಎಡಚರಾಗಿದ್ದರು. ಆದ್ದರಿಂದ ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೇನೆ.

ನಡುವಿನ ಕ್ಯಾಮೆರಾಕ್ಕೆ ನಾನು ಒಂದೇ ನಿಯಮ ಹಾಕಿಕೊಂಡಿದ್ದೆ: ಗಾಯಕಿಯನ್ನು ಎಷ್ಟೇ ಹತ್ತಿರ ತಂದರೂ ಚೌಕಟ್ಟಿನ ಕೆಳ ಅಂಚು ಮಂಡಿಗಿಂತ ಮೇಲೆ ಬರಬಾರದು. ಮುಖವನ್ನಷ್ಟೇ ತುಂಬಿಸಿದರೆ ತೊಡೆಯ ಮೇಲೆ ತಾಳ ಹಾಕುವ ಕೈ ಹೋಗಿಬಿಡುತ್ತದೆ, ಅದು ಹೋದ ಮೇಲೆ ನೋಡುವವರಿಗೆ ಹಾಡು ಎಲ್ಲಿದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ವೇದಿಕೆಯ ಹಿಂದೆ ಕಟ್ಟುವ ದೊಡ್ಡ ಫ್ಲೆಕ್ಸ್ ಬಗ್ಗೆಯೂ ಆಯೋಜಕರೊಡನೆ ಮೊದಲೇ ಮಾತನಾಡಿದೆ. ಸತ್ಯಜಿತ್ ರಾಯ್ ಅವರು 1976ರಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರ ಬಗ್ಗೆ ತೆಗೆದ ‘ಬಾಲ’ ಸಾಕ್ಷ್ಯಚಿತ್ರದಲ್ಲಿ ಆಕೆ ನಮ್ಮ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಪದಕ್ಕೆ ಕಡಲ ತೀರದಲ್ಲಿ ಅಭಿನಯಿಸುವ ಭಾಗವಿದೆ. ಆ ಚಿತ್ರವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆದರೂ ಆ ಭಾಗದಲ್ಲಿ ಗಾಳಿ, ಸೀರೆಯ ಸೆರಗು, ಹಿಂದಿನ ಅಲೆಗಳು ನನ್ನ ಕಣ್ಣನ್ನು ಪದೇ ಪದೇ ಆಕೆಯ ಬೆರಳು ಮತ್ತು ಹುಬ್ಬುಗಳಿಂದ ಬೇರೆಡೆಗೆ ಸೆಳೆಯುತ್ತವೆ. ಕಡಲೇ ಹಾಗೆ ಮಾಡುವುದಾದರೆ ದಪ್ಪ ಅಕ್ಷರಗಳ ಜಾಹೀರಾತು ಏನು ಮಾಡೀತು ಎಂದು ವಿವರಿಸಿದಾಗ ಆಯೋಜಕರು ಒಪ್ಪಿ ಫ್ಲೆಕ್ಸನ್ನು ಬಾಗಿಲ ಬಳಿಗೆ ಸರಿಸಿದರು. ವೇದಿಕೆಯ ಹಿಂದೆ ಕಡುನೀಲಿ ಪರದೆಯೊಂದೇ ಉಳಿಯಿತು.

ಧ್ವನಿಯ ವಿಷಯ ಇದಕ್ಕಿಂತ ಕಷ್ಟದ್ದು. ಧ್ವನಿವರ್ಧಕದ ಮಿಕ್ಸರ್‌ನಿಂದ ಒಂದು ತಂತಿ ಎಳೆದುಕೊಂಡರೆ ಸಾಕು ಎಂದು ಅನೇಕರು ತಿಳಿಯುತ್ತಾರೆ. ಚಿಕ್ಕ ಸಭಾಂಗಣದಲ್ಲಿ ಮೃದಂಗದ ನಾದ ಮೈಕಿಲ್ಲದೆಯೂ ಸಭಿಕರಿಗೆ ನೇರವಾಗಿ ಕೇಳುತ್ತದೆ, ಆದ್ದರಿಂದ ಮಿಕ್ಸರ್ ನಿರ್ವಹಿಸುವವರು ಅದನ್ನು ತಗ್ಗಿಸಿ ಕಂಠವನ್ನು ಏರಿಸಿಟ್ಟಿರುತ್ತಾರೆ. ಸಭೆಯಲ್ಲಿ ಅದು ಸರಿಯಾಗಿಯೇ ಇರುತ್ತದೆ, ಆದರೆ ಅದೇ ತಂತಿಯಿಂದ ಬಂದ ಧ್ವನಿಮುದ್ರಣದಲ್ಲಿ ಮೃದಂಗ ಪಕ್ಕದ ಕೋಣೆಯಿಂದ ಕೇಳಿದಂತಿರುತ್ತದೆ. ಆದ್ದರಿಂದ ನಾನು ವೇದಿಕೆಯಿಂದ ಸುಮಾರು ಐದು ಮೀಟರ್ ದೂರದಲ್ಲಿ, ಎತ್ತರದ ಸ್ಟ್ಯಾಂಡಿನ ಮೇಲೆ ಜೋಡಿ ಮೈಕುಗಳನ್ನೂ ನಿಲ್ಲಿಸಿದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಐದು ಮೀಟರ್ ದೂರದ ಮೈಕಿಗೆ ಅದು 15 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಬೆರೆಸುವ ಮೊದಲು ಆ ಜಾಡನ್ನು ಅಷ್ಟು ಹಿಂದಕ್ಕೆ ಸರಿಸದಿದ್ದರೆ ಮೃದಂಗದ ಸೊಲ್ಲುಗಳ, ಅಂದರೆ ಒಂದೊಂದು ಹೊಡೆತದ ನಾದದ, ಅಂಚು ಮಸುಕಾಗುತ್ತದೆ. ತಂಬೂರದ ಶ್ರುತಿಯೂ ಸಭೆಯ ಚಪ್ಪಾಳೆಯೂ ಸಹಜವಾಗಿ ಬಂದದ್ದು ಈ ಜೋಡಿ ಮೈಕಿನಿಂದಲೇ.

ಕಚೇರಿ ಆರಂಭವಾಗುವ ಮುನ್ನ ಮೂರೂ ಕ್ಯಾಮೆರಾಗಳಿಗೆ ಕಾಣುವಂತೆ ವೇದಿಕೆಯ ಮುಂದೆ ನಿಂತು ಒಮ್ಮೆ ಜೋರಾಗಿ ಕೈತಟ್ಟಿದೆ. ಆ ತಟ್ಟಿನ ಆಧಾರದ ಮೇಲೆ ಚಿತ್ರ ಮತ್ತು ಧ್ವನಿಗಳನ್ನು ಜೋಡಿಸಿದೆ. ವರ್ಣ, ಗಣೇಶನ ಕೃತಿ, ಕಲ್ಯಾಣಿಯ ಆಲಾಪನೆ ಎಲ್ಲವೂ ಸರಿಯಾಗಿ ಕೂಡಿಕೊಂಡವು. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನಕ್ಕೆ ಬಂದಾಗ ಮಾತ್ರ ಏನೋ ತಪ್ಪಿದೆ ಎಂದು ಅನ್ನಿಸತೊಡಗಿತು. ಕಣ್ಣಿಗೆ ಕೈ ಬಿದ್ದಂತೆ ಕಾಣುತ್ತದೆ, ನಾದ ಹಿಂದಿನಿಂದ ಬರುತ್ತದೆ.

ಕಾರಣ ಸರಳವಾಗಿತ್ತು. ಕ್ಯಾಮೆರಾದೊಳಗಿನ ಗಡಿಯಾರವೂ ಧ್ವನಿಮುದ್ರಕದೊಳಗಿನ ಗಡಿಯಾರವೂ ಬೇರೆ ಬೇರೆ, ಎರಡೂ ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತವೆ. ನಡುವಿನ ಕ್ಯಾಮೆರಾ ಎಲ್ಲಿಯೂ ನಿಲ್ಲದೆ 2 ಗಂಟೆ 24 ನಿಮಿಷ ಓಡಿತ್ತು. ಕೊನೆಯಲ್ಲಿ, ಮಂಗಳದ ನಂತರ ನಾನು ತಟ್ಟಿದ್ದ ಎರಡನೆಯ ತಟ್ಟನ್ನು ಹುಡುಕಿ ಅಳೆದಾಗ ವ್ಯತ್ಯಾಸ ಐದು ಫ್ರೇಮ್ ಇತ್ತು. ಸೆಕೆಂಡಿಗೆ 25 ಫ್ರೇಮ್‌ಗಳಾದ್ದರಿಂದ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್, ಐದಕ್ಕೆ 200. ತನಿ ಬರುವ ಹೊತ್ತಿಗೆ, ಅಂದರೆ ಒಂದೂಮುಕ್ಕಾಲು ಗಂಟೆಯ ಸುಮಾರಿಗೆ, ಅದು ಮೂರೂವರೆ ಫ್ರೇಮ್ ಆಗಿತ್ತು. ಹಾಡುವ ಬಾಯಿಯಲ್ಲಿ ಇಷ್ಟು ವ್ಯತ್ಯಾಸವನ್ನು ಕಣ್ಣು ಹೇಗೋ ಸಹಿಸಿಕೊಂಡೀತು. ಆದರೆ ಆ ದಿನ ಎರಡು ಕಳೆಯ ಆದಿತಾಳದ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಸುಮಾರು 12 ಸೆಕೆಂಡ್ ಇತ್ತು. ಅದರ ಹದಿನಾರು ತಟ್ಟುಗಳಲ್ಲಿ ಒಂದೊಂದಕ್ಕೂ ನಾಲ್ಕು ಸೊಲ್ಲು ನುಡಿಸಿದರೆ ಸೊಲ್ಲಿನಿಂದ ಸೊಲ್ಲಿಗೆ ಇರುವ ಅಂತರ 190 ಮಿಲಿಸೆಕೆಂಡಿನಷ್ಟೂ ಇಲ್ಲ. ನನ್ನ ಚಿತ್ರದಲ್ಲಿ ಕಾಣುತ್ತಿದ್ದುದು ಒಂದು ಸೊಲ್ಲಿನ ಕೈ, ಕೇಳುತ್ತಿದ್ದುದು ಹೆಚ್ಚುಕಡಿಮೆ ಅದರ ಹಿಂದಿನ ಸೊಲ್ಲಿನ ನಾದ. ತನಿ ಕಚೇರಿಯ ಉತ್ತರಾರ್ಧದಲ್ಲಿ ಬರುವುದರಿಂದ, ಅತಿ ಸೂಕ್ಷ್ಮವಾಗಿ ಕೂಡಬೇಕಾದ ಭಾಗದಲ್ಲಿಯೇ ಈ ದೋಷ ಬೆಳೆದು ನಿಂತಿರುತ್ತದೆ.

ಪರಿಹಾರ ಎರಡು ಬಗೆಯದು. ಎರಡು ತಟ್ಟುಗಳ ನಡುವಿನ ಕಾಲವನ್ನು ಹೋಲಿಸಿ ಧ್ವನಿಯನ್ನು ಅಷ್ಟು ಮಾತ್ರ ಕುಗ್ಗಿಸಬಹುದು. ಇಲ್ಲಿ ಅದು ಲಕ್ಷಕ್ಕೆ ಎರಡಕ್ಕಿಂತ ತುಸು ಹೆಚ್ಚು, ಶ್ರುತಿ ಬದಲಾದದ್ದು ಕಿವಿಗೆ ತಿಳಿಯುವುದಿಲ್ಲ. ನಾನು ಇನ್ನೊಂದನ್ನು ಆರಿಸಿಕೊಂಡೆ. ಒಂದೊಂದು ಕೃತಿಯ ಕೊನೆಯ ಚಪ್ಪಾಳೆಯಲ್ಲಿ ಚಿತ್ರವನ್ನು ತುಂಡರಿಸಿ ಪ್ರತಿ ಭಾಗವನ್ನೂ ಹೊಸದಾಗಿ ಜೋಡಿಸಿದೆ, ತನಿಯನ್ನಂತೂ ಅದರ ಮೊದಲ ಸೊಲ್ಲಿಗೇ ಕೂಡಿಸಿದೆ. ಸರಿಯಾಯಿತೇ ಎಂದು ನೋಡಲು ಚಿತ್ರವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ಓಡಿಸಿ, ಬಲಗೈ ಬೆರಳು ಚರ್ಮ ಮುಟ್ಟಿದ ಫ್ರೇಮಿನಲ್ಲಿಯೇ ಧ್ವನಿಯ ಗೆರೆ ಏಳುತ್ತದೆಯೇ ಎಂದು ಪರೀಕ್ಷಿಸಬೇಕು.

ಇಷ್ಟಾದ ಮೇಲೆ ಮೊದಲ ಸಂಕಲನವನ್ನು ಆ ದಿನ ಮೃದಂಗ ನುಡಿಸಿದ್ದ ವಿದ್ವಾಂಸರಿಗೆ ತೋರಿಸಿದೆ. ಅವರು ಕೊನೆಯವರೆಗೂ ಮಾತನಾಡದೆ ನೋಡಿ, “ಎಲ್ಲ ಚೆನ್ನಾಗಿದೆಯಪ್ಪಾ, ಆದರೆ ನಾನು ಲೆಕ್ಕ ಶುರುಮಾಡುವಷ್ಟರಲ್ಲಿ ನೀನು ಬೇರೆ ಕಡೆ ಹೋಗಿಬಿಡುತ್ತೀಯಲ್ಲ” ಎಂದರು. ನಾನು ಸಿನಿಮಾ ಹಾಡಿನ ಅಭ್ಯಾಸದಂತೆ ಮೂರು ನಾಲ್ಕು ಸೆಕೆಂಡಿಗೊಮ್ಮೆ ನೋಟ ಬದಲಿಸಿದ್ದೆ. 12 ಸೆಕೆಂಡಿನ ಆವರ್ತನ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೂರು ಸಲ ಜಾಗ ಬದಲಾದರೆ ತಾಳ ಹಿಡಿದು ಕುಳಿತವರ ಎಣಿಕೆ ತಪ್ಪುತ್ತದೆ.

ಎರಡನೆಯ ಸಂಕಲನಕ್ಕೆ ಕೂರುವ ಮೊದಲು ಮಣಿ ಕೌಲ್ ಅವರು 1982ರಲ್ಲಿ ತೆಗೆದ ‘ಧ್ರುಪದ್’ ಸಾಕ್ಷ್ಯಚಿತ್ರವನ್ನು ಮತ್ತೆ ನೋಡಿದೆ. ಅದರಲ್ಲಿ ರುದ್ರವೀಣೆಯ ಜಿಯಾ ಮೊಹಿಯುದ್ದೀನ್ ಡಾಗರ್ ಮತ್ತು ಗಾಯಕ ಜಿಯಾ ಫರೀದುದ್ದೀನ್ ಡಾಗರ್ ಸಹೋದರರಿದ್ದಾರೆ. ಮಣಿ ಕೌಲ್ ಸ್ವತಃ ಧ್ರುಪದ್ ಕಲಿತವರು. ಸ್ವರವೊಂದು ನಿಧಾನವಾಗಿ ಅರಳುವಷ್ಟು ಹೊತ್ತೂ ಕ್ಯಾಮೆರಾ ಕದಲದೆ, ಕದಲಿದರೂ ಆಲಾಪದ ನಡೆಯಲ್ಲಿಯೇ ಕದಲುವುದನ್ನು ಅಲ್ಲಿ ನೋಡಿದೆ. ಅದು ಕಚೇರಿಯ ದಾಖಲೆಯಲ್ಲ, ಅಲ್ಲಿನ ಕಟ್ಟಡಗಳೂ ಬೆಳಕೂ ಅವರು ಆರಿಸಿಕೊಂಡವು. ಅದನ್ನು ನಾನು ಅನುಕರಿಸಲಾರೆ. ಆದರೆ ನೋಟ ಬದಲಿಸುವ ಕ್ಷಣವನ್ನು ರಾಗವೇ ಹೇಳುತ್ತದೆ ಎಂಬುದನ್ನು ಅಲ್ಲಿಂದ ಪಡೆದುಕೊಂಡೆ.

ಕಲ್ಯಾಣಿಯ ಆಲಾಪನೆ ಹನ್ನೆರಡು ನಿಮಿಷದ್ದು. ಗಾಯಕಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವಲ್ಲಿ ಮಾತ್ರ ನೋಟ ಬದಲಿಸಿದೆ. ನಿಷಾದದಿಂದ ತಾರಷಡ್ಜಕ್ಕೆ ಏರುತ್ತಿರುವಾಗ ಎಲ್ಲಿಯೂ ಕತ್ತರಿ ಹಾಕಲಿಲ್ಲ. ಅವರ ಸಂಚಾರವನ್ನು ಪಿಟೀಲು ನೆರಳಿನಂತೆ ಹಿಂಬಾಲಿಸುವಲ್ಲಿ ಇಬ್ಬರೂ ಒಂದೇ ಚೌಕಟ್ಟಿನಲ್ಲಿರುವ ನೋಟವನ್ನೇ ಉಳಿಸಿದೆ, ಏಕೆಂದರೆ ಪಿಟೀಲಿನವರು ತಂತಿಯನ್ನು ನೋಡದೆ ಗಾಯಕಿಯ ಮುಖವನ್ನೇ ನೋಡುತ್ತ ನುಡಿಸುತ್ತಿದ್ದರು.

ತನಿಯಲ್ಲಿ ಮೃದಂಗ ಮತ್ತು ಘಟದ ಸರದಿ ಮೊದಲು ನಿಮಿಷಗಟ್ಟಲೆ ಇರುತ್ತದೆ. ಆಗ ಒಬ್ಬರ ಸರದಿ ಮುಗಿಯುವವರೆಗೆ ಒಂದೇ ಕ್ಯಾಮೆರಾ. ನಂತರ ಸರದಿ ನಾಲ್ಕು ಆವರ್ತನ, ಎರಡು, ಒಂದು, ಅರ್ಧ ಎಂದು ಕುಗ್ಗುತ್ತದೆ. ಸರದಿಯ ಜೊತೆಗೆ ನೋಟವನ್ನೂ ಕುಗ್ಗಿಸುವ ಆಸೆ ಸಹಜವಾಗಿ ಬರುತ್ತದೆ. ನಾನು ಮೊದಲ ಸಲ ಹಾಗೆಯೇ ಮಾಡಿದ್ದೆ, ಚೆಂಡಾಟ ನೋಡಿದಂತೆ ಆಗಿತ್ತು. ಈ ಸಲ ಎರಡು ಆವರ್ತನದ ಹಂತಕ್ಕೆ ಬಂದ ಕೂಡಲೇ ಇಬ್ಬರನ್ನೂ ಹಿಡಿದಿದ್ದ ಬಲತುದಿಯ ಕ್ಯಾಮೆರಾಕ್ಕೆ ಬಂದು ಅಲ್ಲಿಯೇ ನಿಂತೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ತಲೆ ಬಾಗಿಸಿ ಲೆಕ್ಕ ಹಿಡಿಯುವುದು, ಉತ್ತರ ಹೊಳೆದಾಗ ನಗುವುದು, ಎಲ್ಲವೂ ಮೊದಲ ಸಂಕಲನದಲ್ಲಿ ಕತ್ತರಿಯ ಪಾಲಾಗಿದ್ದವು.

ಮೋಹರಾ ಎಂಬ ಸಿದ್ಧ ಸೊಲ್ಲುಕಟ್ಟು ಆರಂಭವಾದರೆ ತನಿ ಮುಗಿಯುತ್ತಿದೆ ಎಂದರ್ಥ. ಅದನ್ನು ಕಿವಿಯಲ್ಲಿ ಗುರುತಿಸಲಾರದವರು ಇಲ್ಲಿ ಖಂಡಿತ ತಡಮಾಡುತ್ತಾರೆ, ಆದ್ದರಿಂದ ಕ್ಯಾಮೆರಾ ಹಿಡಿಯುವ ಗೆಳೆಯರಿಗೆ ನಾನು ಮೊದಲೇ ಹಳೆಯ ಧ್ವನಿಮುದ್ರಣಗಳಲ್ಲಿ ಅದನ್ನು ಕೇಳಿಸಿರುತ್ತೇನೆ. ಮೋಹರಾ ಮುಗಿದು ಮುಕ್ತಾಯವನ್ನು ಮೂರು ಸಲ ನುಡಿಸುವಾಗ ಮೊದಲ ಸಲಕ್ಕೆ ಮೃದಂಗದ ಕೈಗಳನ್ನು ಹತ್ತಿರದಿಂದ ತೋರಿಸಿ, ಎರಡನೆಯದು ಶುರುವಾಗುವಲ್ಲಿ ನಾಲ್ವರೂ ಕಾಣುವ ನಡುವಿನ ನೋಟಕ್ಕೆ ಬಂದು ಕೊನೆಯವರೆಗೂ ಅದನ್ನೇ ಇಟ್ಟೆ. ಮೂರನೆಯ ಸಲದ ನಡುವೆ ಪಿಟೀಲಿನವರು ಮಡಿಲಿನಲ್ಲಿದ್ದ ಕಮಾನನ್ನು ಎತ್ತಿಕೊಳ್ಳುತ್ತಾರೆ, ಗಾಯಕಿಯ ತಾಳದ ಕೈ ಸ್ವಲ್ಪ ಎತ್ತರಕ್ಕೆ ಏಳುತ್ತದೆ, ಕೊನೆಯ ಸೊಲ್ಲು ಬಿದ್ದ ಮೇಲೆ ಹಾಡು ಶುರುವಾಗುವ ಎತ್ತುಗಡೆಯ ಜಾಗಕ್ಕೆ ಸರಿಯಾಗಿ ಎಲ್ಲರೂ ಪಲ್ಲವಿಯನ್ನು ಹಿಡಿಯುತ್ತಾರೆ.

ಮೃದಂಗದ ವಿದ್ವಾಂಸರು ಎರಡನೆಯ ಸಲ ನೋಡುವಾಗ ತಾಳ ಹಾಕುತ್ತಲೇ ನೋಡಿದರು. ಎತ್ತುಗಡೆ ಬಂದಾಗ ಅವರ ಕೈ ಪರದೆಯ ಮೇಲಿನ ಗಾಯಕಿಯ ಕೈಯೊಡನೆ ಒಟ್ಟಿಗೆ ಬಿತ್ತು.