ಇ-ಸ್ಕೂಟರ್ ಕೊಳ್ಳುವ ಮುನ್ನ ಒಂದು ಭಾಗಾಕಾರ ಮಾಡಿ

ಶೋರೂಮ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಅಕ್ಷರದ ರೇಂಜ್. ‘ಒಂದು ಚಾರ್ಜಿಗೆ 130 ಕಿ.ಮೀ.’ ಇದು ಸುಳ್ಳಲ್ಲ. ಆದರೆ ಆ ಅಂಕಿ ಬಂದ ಪರೀಕ್ಷೆಯ ಓಟ ಬೇರೆ, ನಿಮ್ಮ ಓಟ ಬೇರೆ. ಅಲ್ಲಿ ಒಬ್ಬನೇ ಸವಾರ, ವೇಗ ಕಡಿಮೆ, ಏರು ಇಲ್ಲ. ಹಾಗಾಗಿ ಆ ಅಂಕಿಯನ್ನು ಪಕ್ಕಕ್ಕಿಟ್ಟು, ಬ್ಯಾಟರಿ ಎಷ್ಟು ಕಿಲೋವ್ಯಾಟ್-ಅವರ್ ಎಂದು ಕೇಳಿ. ಕರೆಂಟ್ ಬಿಲ್ಲಿನ ಯೂನಿಟ್ ಅಂತೀವಲ್ಲ, ಅದೇ ಅಳತೆ. ವೋಲ್ಟ್ ಮತ್ತು ಆಂಪಿಯರ್-ಅವರ್ ಮಾತ್ರ ಬರೆದಿದ್ದರೆ ಎರಡನ್ನೂ ಗುಣಿಸಿ 1000ದಿಂದ ಭಾಗಿಸಿದರಾಯಿತು.

ಈಗ ಲೆಕ್ಕಕ್ಕೆ ಬರೋಣ. ಬ್ಯಾಟರಿ 3 ಕಿಲೋವ್ಯಾಟ್-ಅವರ್, ಅಂದರೆ 3000 ವ್ಯಾಟ್-ಅವರ್ ಇದೆ ಎನ್ನಿ. ಅದನ್ನು 130ರಿಂದ ಭಾಗಿಸಿದರೆ ಕಿಲೋಮೀಟರಿಗೆ 23 ವ್ಯಾಟ್-ಅವರ್ ಬರುತ್ತದೆ. ನಿಧಾನವಾಗಿ ಒಬ್ಬರೇ ಹೋದರೆ ಇದು ಸಾಧ್ಯ. ಸಿಗ್ನಲ್, ಸೇತುವೆ, ಆಗಾಗ ಹಿಂದೊಬ್ಬರು ಇರುವ ಮಾಮೂಲಿ ಓಡಾಟಕ್ಕೆ 35 ಎಂದು ಹಿಡಿಯುವುದು ಕ್ಷೇಮ. ಬ್ಯಾಟರಿಯನ್ನು ಪೂರ್ತಿ ಖಾಲಿಯಾಗಲು ಅದರೊಳಗಿನ ಸರ್ಕ್ಯೂಟ್ ಬಿಡುವುದಿಲ್ಲ. ಬಳಕೆಗೆ ಸಿಗುವುದು ಸುಮಾರು ಶೇ 90, ಅಂದರೆ 2700. ಅದನ್ನು 35ರಿಂದ ಭಾಗಿಸಿದರೆ 77 ಕಿ.ಮೀ. ವರ್ಷಗಳು ಕಳೆದು ಬ್ಯಾಟರಿ ಶೇ 80ಕ್ಕೆ ಇಳಿದಾಗ 62 ಉಳಿಯುತ್ತದೆ. ಅದರಲ್ಲೂ ಒಂದಿಷ್ಟು ಕೈಯಲ್ಲಿಟ್ಟುಕೊಳ್ಳಬೇಕು, ಅಲ್ವಾ? 50 ಕಿ.ಮೀ. ನಂಬಬಹುದು. ದಿನಕ್ಕೆ 40 ಕಿ.ಮೀ. ಓಡಾಡುವವರಿಗೆ ಈ ಗಾಡಿ ಸಾಕು. 60 ಓಡಾಡುವವರು ದೊಡ್ಡ ಬ್ಯಾಟರಿ ನೋಡಬೇಕು, ಇಲ್ಲವೇ ಕೆಲಸದ ಜಾಗದಲ್ಲೂ ಚಾರ್ಜಿಂಗ್ ಬೇಕು.

ಟೆಸ್ಟ್ ರೈಡ್‌ನಲ್ಲೇ ಇದನ್ನು ಪರೀಕ್ಷಿಸಬಹುದು. ನಿಮ್ಮ ದಿನದ ದಾರಿಯಲ್ಲಿ, ನಿಮ್ಮ ವೇಗದಲ್ಲೇ 10 ಕಿ.ಮೀ. ಓಡಿಸಿ. ಚಾರ್ಜ್ ಶೇ 13 ಇಳಿದರೆ ಮೇಲಿನ ಲೆಕ್ಕವೇ ಸರಿ. ಶೇ 20 ಇಳಿದರೆ ನಿಮಗೆ ಸಿಗುವುದು 50 ಕಿ.ಮೀ. ಮಾತ್ರ, ಅದೂ ಹೊಸ ಬ್ಯಾಟರಿಯಲ್ಲಿ. ಶೋರೂಮ್ ಸುತ್ತ ಎರಡು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ.

ಮುಂದಿನ ಪ್ರಶ್ನೆ: ಬ್ಯಾಟರಿಯೊಳಗಿನ ಸೆಲ್ ಯಾವುದು? ಹೆಚ್ಚಾಗಿ ಸಿಗುವುದು ಎರಡು ಬಗೆ, ಎನ್‌ಎಂಸಿ ಮತ್ತು ಎಲ್‌ಎಫ್‌ಪಿ. ಎರಡೂ ಲಿಥಿಯಂ ಅಯಾನ್. ಎನ್‌ಎಂಸಿ ಹಗುರ, ಕಡಿಮೆ ಜಾಗದಲ್ಲಿ ಜಾಸ್ತಿ ರೇಂಜ್ ಕೊಡುತ್ತದೆ. ಎಲ್‌ಎಫ್‌ಪಿ ತೂಕ ಹೆಚ್ಚು. ಆದರೆ ಹೆಚ್ಚು ಸಲ ಚಾರ್ಜ್ ತಡೆಯುತ್ತದೆ, ಬಿಸಿಗೆ ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ದಿನವೂ ಓಡಿಸಿ, ಹಲವು ವರ್ಷ ಇಟ್ಟುಕೊಳ್ಳುವವರಿಗೆ ನನ್ನ ಮತ ಎಲ್‌ಎಫ್‌ಪಿಗೆ. ಬ್ಯಾಟರಿ ಎತ್ತಿಕೊಂಡು ಮೆಟ್ಟಿಲು ಹತ್ತುವವರಿಗೆ ಎನ್‌ಎಂಸಿ ವಾಸಿ. ಎಲ್‌ಎಫ್‌ಪಿಯಲ್ಲಿ ಒಂದು ಕಿರಿಕಿರಿ ಇದೆ. ಚಾರ್ಜ್ ಇಳಿಯುತ್ತಿದ್ದರೂ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಮೀಟರಿನ ಶೇಕಡಾವಾರು ದಾರಿ ತಪ್ಪಬಹುದು. ಆಗಾಗ ಪೂರ್ತಿ ಚಾರ್ಜ್ ಮಾಡಿದರೆ ಸರಿಹೋಗುತ್ತದೆ.

ಮೋಟಾರಿನಲ್ಲಿ ‘ಪೀಕ್’ ಅಂಕಿಗೆ ಮರುಳಾಗಬೇಡಿ. ಅದು ಸ್ವಲ್ಪ ಹೊತ್ತಿನ ಜೋರು. ನಿಮಗೆ ಬೇಕಿರುವುದು ನಿರಂತರ ಪವರ್, ಅಂದರೆ ಬಿಸಿಯಾಗಿ ಸೋಲದೆ ಎಳೆಯುವ ಶಕ್ತಿ. ಗಾಡಿ, ಇಬ್ಬರು ಸವಾರರು ಸೇರಿ 250 ಕೆ.ಜಿ. ಎನ್ನಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಹಿಡಿಯಲು ಚಕ್ರಕ್ಕೆ ಸುಮಾರು 2.1 ಕಿಲೋವ್ಯಾಟ್ ಬೇಕು. ನಿರಂತರ ಪವರ್ 1.5 ಇರುವ ಮೋಟಾರು ಮೊದಲು ಎಳೆಯುತ್ತದೆ. ಏರು ಉದ್ದವಾದರೆ ಬಿಸಿಯಾಗುತ್ತದೆ, ಆಗ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್ ತಾನೇ ಶಕ್ತಿ ಇಳಿಸುತ್ತದೆ. ಗಾಡಿ ಸುಮ್ನೆ ಸೋತಂತೆ ನಿಧಾನವಾಗುತ್ತದೆ. ಸಮತಟ್ಟಿನಲ್ಲಿ ಓಡಾಡುವವರಿಗೆ ಈ ತಲೆನೋವಿಲ್ಲ. ಏರು ಇರುವವರು ಇಬ್ಬರು ಕೂತು ಅದೇ ದಾರಿಯಲ್ಲಿ ಹತ್ತಿಸಿ ನೋಡಿ.

ಚಾರ್ಜಿಂಗ್ ಲೆಕ್ಕ ಸುಲಭ. 750 ವ್ಯಾಟ್ ಚಾರ್ಜರ್‌ಗೆ 3 ಕಿಲೋವ್ಯಾಟ್-ಅವರ್ ತುಂಬಲು ನಾಲ್ಕು ಗಂಟೆಗಿಂತ ಜಾಸ್ತಿ ಬೇಕು, ಕೊನೆಯ ಭಾಗ ನಿಧಾನ. ಗಾಡಿ ನಿಲ್ಲಿಸುವ ಜಾಗಕ್ಕೆ ಪ್ಲಗ್ ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಸುರುಳಿ ಸುತ್ತಿಟ್ಟ ತೆಳು ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ, ಬಿಸಿಯಾಗುತ್ತದೆ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಸುಡುವಂತಿದ್ದರೆ ಸಾಕೆಟ್ ಸಡಿಲ, ಇಲ್ಲವೇ ಸಣ್ಣದು.

ಸರ್ವಿಸ್ ಬಗ್ಗೆ ಸೇಲ್ಸ್‌ನವರನ್ನು ಕೇಳುವುದಕ್ಕಿಂತ ಸರ್ವಿಸ್ ಸೆಂಟರ್‌ಗೇ ಹೋಗಿ, ಹೊರಗೆ ಗಾಡಿ ಹಿಡಿದು ಕಾಯುತ್ತಿರುವವರನ್ನು ಮಾತಾಡಿಸಿ. ಎಷ್ಟು ದಿನ ಆಯಿತು, ಯಾವ ಪಾರ್ಟ್ ಬರಬೇಕು ಎಂದು ಕೇಳಿ. ಕಂಟ್ರೋಲರ್ ಕೆಟ್ಟರೆ ಪಕ್ಕದ ಮೆಕ್ಯಾನಿಕ್ ರಿಪೇರಿ ಮಾಡುವುದು ಕಷ್ಟ, ಕಂಪನಿಯ ಸಾಫ್ಟ್‌ವೇರೇ ಬೇಕಾಗಬಹುದು. ವಾರಂಟಿ ಕಾಗದದಲ್ಲಿ ವರ್ಷದ ಜೊತೆ ಇನ್ನೊಂದು ಸಾಲು ಹುಡುಕಿ: ಬ್ಯಾಟರಿಯ ಸಾಮರ್ಥ್ಯ ಎಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ? ಆ ಅಂಕಿ ಬರೆದಿಲ್ಲದಿದ್ದರೆ ರೇಂಜ್ ಅರ್ಧಕ್ಕಿಳಿದರೂ ‘ಬ್ಯಾಟರಿ ಕೆಲಸ ಮಾಡ್ತಿದೆಯಲ್ಲ’ ಎನ್ನಬಹುದು.