ನೀವು, ನೀನು ಮತ್ತು ಒಂದು ಯುಗಳಗೀತೆ

ಕಳೆದ ವರ್ಷ ಹುಬ್ಬಳ್ಳಿಯ ಸಂಗೀತ ನಿರ್ದೇಶಕರೊಬ್ಬರು ಒಂದು ಟ್ಯೂನ್ ಕಳಿಸಿ, ಯುಗಳಗೀತೆ ಬರೆದುಕೊಡಲು ಕೇಳಿದರು. ಕಪ್ಪುಬಿಳುಪಿನ ಕಾಲದ ಹಾಡು ಕೇಳುತ್ತ ಬೆಳೆದ ಕಿವಿ ನನ್ನದು. ಧಾರವಾಡದ ಮನೆಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತೊಡನೆ ಎರಡು ಸಾಲು ತಾವಾಗಿಯೇ ಬಂದವು.

ಅವಳು: ನೀವು ಬರುವ ದಾರಿ ಕಾಯುವೆ
ಅವನು: ನೀನು ನನ್ನ ಮನೆಯ ದೀಪವು

ಟ್ರ್ಯಾಕ್ ಹಾಡಲು ಗದಗಿನಿಂದ ಬಂದಿದ್ದ ಅಣ್ಣನ ಮಗಳು ಒಮ್ಮೆ ಹಾಡಿ ನಿಲ್ಲಿಸಿದಳು. “ಕಾಕಾ, ಇವಳು ಹಾಡು ಮುಗಿಯುವವರೆಗೂ ಕಾಯುತ್ತಲೇ ಇರುತ್ತಾಳೇನು?”

ಆಗ ಸಾಲುಗಳನ್ನು ಅದಲುಬದಲು ಮಾಡಿ ಹಾಡಿಸಿದೆ. ಕನ್ನಡದಲ್ಲಿ ಇದು ಸುಲಭ. ‘ಅವನು ಬಂದನು, ಅವಳು ಬಂದಳು’ ಎನ್ನುವಾಗ ಕ್ರಿಯಾಪದ ಲಿಂಗ ತೋರಿಸುತ್ತದೆ. ‘ನಾನು ಬಂದೆ, ನೀನು ಬಂದೆ’ ಎನ್ನುವಾಗ ತೋರಿಸುವುದಿಲ್ಲ. ಹಾಗಾಗಿ ನಾನು-ನೀನು ಎಂದು ಸಾಗುವ ಸಾಲನ್ನು ಯಾರು ಹಾಡಿದರೂ ವ್ಯಾಕರಣ ಕೆಡುವುದಿಲ್ಲ. ಆದರೂ ನನ್ನ ಸಾಲುಗಳು ಅವನ ಬಾಯಲ್ಲಿ, ಅವಳ ಬಾಯಲ್ಲಿ ಕೂಡಲಿಲ್ಲ. ಗಂಡು ‘ನೀವು’ ಎನ್ನುವುದು, ಹೆಣ್ಣು ಅವನನ್ನು ‘ಮನೆಯ ದೀಪ’ ಎನ್ನುವುದು ಕಿವಿಗೆ ಒಗ್ಗಲಿಲ್ಲ. ಹಳೆಯ ಹಾಡುಗಳ ಸ್ವಾಮಿ-ದಾಸಿ, ಮರ-ಬಳ್ಳಿಯ ಸಂಬಂಧವೆಲ್ಲ ಆ ಎರಡು ಪದಗಳಲ್ಲೇ ಅಡಗಿತ್ತು. ದೀಪ ಬೆಳಗುತ್ತದೆ ನಿಜ, ಇಟ್ಟಲ್ಲಿಂದ ಕದಲುವುದಿಲ್ಲ.

‘ನೀವು’ ಇದ್ದಲ್ಲಿ ‘ನೀನು’ ಇಟ್ಟರೆ ಟ್ಯೂನ್ ಒಪ್ಪುವುದಿಲ್ಲ ಎನ್ನಲೂ ಆಗುವಂತಿರಲಿಲ್ಲ. ‘ನೀವು’ ಮತ್ತು ‘ನೀನು’ ಎರಡೂ ಒಂದು ಗುರು, ಒಂದು ಲಘು. ತಲಾ ಮೂರು ಮಾತ್ರೆ. ಇಡೀ ಸಾಲು ಮೂರು ಮಾತ್ರೆಯ ನಾಲ್ಕು ಗಣ, ಕೊನೆಗೆ ಎಳೆದು ಹಾಡುವ ಒಂದಕ್ಷರ.

ಮೊದಲ ತಿದ್ದುಪಡಿಯಲ್ಲಿ ಎಡವಿದೆ. ಅವಳಿಗೆ ‘ಬೆನ್ನು ಹತ್ತಿ ಬಿಡದೆ ಕಾಡುವೆ’ ಎಂದು ಬರೆದೆ. ಮಾತ್ರೆ ಸರಿಯಿತ್ತು, ಹೆಣ್ಣಿಗೆ ಧೈರ್ಯ ಬಂತೆಂದು ಹಿಗ್ಗಿದ್ದೆ. ಮರುದಿನ ಓದಿದಾಗ ಅದು ಹಳೆಯ ನಾಯಕ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುವ ಹಾಡೇ ಆಗಿತ್ತು. ಪಾತ್ರ ಬದಲಾಗಿತ್ತು, ಪೀಡೆ ಹಾಗೇ ಉಳಿದಿತ್ತು.

2006ರ ‘ಮುಂಗಾರು ಮಳೆ’ಗೆ ಜಯಂತ ಕಾಯ್ಕಿಣಿ ಬರೆದ ‘ಅನಿಸುತಿದೆ ಯಾಕೋ ಇಂದು’ ಹಾಡು ಆಗ ನೆನಪಾಯಿತು. ಅಲ್ಲಿ ಗಂಡು ಅಪ್ಪಣೆ ಕೊಡುವುದಿಲ್ಲ, ತನ್ನ ತಳಮಳ ಹೇಳಿಕೊಳ್ಳುತ್ತಾನೆ. ನನಗೆ ಬೇಕಾಗಿದ್ದುದು ಅಂಥ ಅಳುಕು. ದೀಪವನ್ನೂ ಕಾಯುವಿಕೆಯನ್ನೂ ಬಿಡದೆ ಅವನ ಕೈಗೆ ಕೊಟ್ಟೆ:

ಅವಳು: ನೀನು ಬರದೆ ಇರಲು ಬಂದೆ ನಾ
ಅವನು: ದೀಪ ಹಚ್ಚಿ ದಾರಿ ಕಾದೆ ನಾ

ಈಗ ದೀಪ ಹೆಣ್ಣಿನ ಉಪಮೆಯಲ್ಲ, ಅವನು ಬತ್ತಿ ಹೊಸೆದು ಹಚ್ಚಿದ ಹಣತೆ.

ಸಾಲು ಅದಲುಬದಲು ಮಾಡಿ ನೋಡುವ ಈ ಪರೀಕ್ಷೆ ಎಲ್ಲ ಹಾಡಿಗೂ ಹೊಂದುವುದಿಲ್ಲ. ಕಥೆ ಐವತ್ತು ವರ್ಷ ಹಿಂದಿನದಾದರೆ ಹೆಂಡತಿಯ ‘ನೀವು’ ತೆಗೆದರೆ ಪಾತ್ರವೇ ಸುಳ್ಳಾಗುತ್ತದೆ. ಅಲ್ಲಿ ನಾನು ‘ನೀವು’ ಉಳಿಸಿಕೊಂಡು, ಕ್ರಿಯಾಪದಗಳನ್ನು ಮಾತ್ರ ನೋಡುತ್ತೇನೆ: ಅವಳು ಕಾಯುವುದು, ಬೇಡುವುದು, ನಾಚುವುದು ಬಿಟ್ಟು ಬೇರೇನಾದರೂ ಮಾಡುತ್ತಾಳೆಯೇ ಎಂದು.

ಧ್ವನಿಮುದ್ರಣದ ದಿನ ಅಣ್ಣನ ಮಗಳು ಹಟ ಹಿಡಿದು, ಗಾಯಕನೊಡನೆ ಸಾಲು ಬದಲಿಸಿಕೊಂಡು ಇನ್ನೊಂದು ಟೇಕ್ ಹಾಡಿದಳು. ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.